ಪಕ್ಕದ ಮನೆಗೆ ಬೀಗದ ಕೈ ಒಪ್ಪಿಸಿ ಹೋಗುವಾಗ ಬರೆಯುವ ಪತ್ರ

"ಮಗಳ ಬಾಣಂತನಕ್ಕೆ ಆರು ತಿಂಗಳು ಅಮೆರಿಕಕ್ಕೆ ಹೊರಟಿದ್ದೀವಿ. ಬೀಗದ ಕೈ, ಕೆಲವು ಸಾಮಾನು ಪಕ್ಕದ ಮನೆಯವರಿಗೆ ಒಪ್ಪಿಸಬೇಕು. ಪತ್ರದಲ್ಲಿ ಏನು ಬರೀಬೇಕು? ಹೀಗೆ ಪಟ್ಟಿ ಬರೆದುಕೊಟ್ಟರೆ ಅವರು ಬೇಜಾರು ಮಾಡ್ಕೊಳ್ಳಲ್ವಾ?"

ನಾವೂ 2018ರಲ್ಲಿ ಇದೇ ಕೆಲಸಕ್ಕೆ ಐದೂವರೆ ತಿಂಗಳು ಹೋಗಿದ್ದೆವು. ಆಗ ಪತ್ರ ಬರೆದಿರಲಿಲ್ಲ. ಏಳು ಕೀ ಇದ್ದ ಗೊಂಚಲನ್ನು ಪಕ್ಕದ ಮನೆ ಅಕ್ಕನ ಕೈಗಿಟ್ಟು, "ಎಲ್ಲಾ ಇದರಲ್ಲೇ ಇದೆ ಅಕ್ಕ" ಅಂತ ಹೇಳಿ ಹೊರಟೆವು.

ಮೂರನೇ ತಿಂಗಳು ಒಂದು ರಾತ್ರಿ ತಾರಸಿಯ ಟ್ಯಾಂಕಿನ ಪೈಪು ಬಿಟ್ಟುಕೊಂಡಿತು. ನೀರು ಮೆಟ್ಟಿಲ ಮೇಲೆ ಇಳಿದು ಹಾಲ್ ತನಕ ಬಂತು. ಅವತ್ತು ಅಕ್ಕ ಊರಲ್ಲಿರಲಿಲ್ಲ. ನಾವು ಮಗಳ ಜೊತೆ ಆಸ್ಪತ್ರೆಯಲ್ಲಿ, ಫೋನ್ ಎತ್ತಲಿಲ್ಲ. ಅಕ್ಕನ ಮಗ ತಾರಸಿ ಬಾಗಿಲಿಗೆ ಏಳು ಕೀಯನ್ನೂ ಹಾಕಿ ನೋಡಿದ. ಸರಿಯಾದ ಕೀಯೇ ಅವನ ಕೈಗೆ ಸಿಕ್ಕಿತ್ತು. ಆದರೆ ಆ ಬಾಗಿಲನ್ನು ನಮ್ಮ ಕಡೆ ಎಳೆದು ಹಿಡಿದರೆ ಮಾತ್ರ ಕೀ ತಿರುಗುತ್ತದೆ. ಅದು ನಮಗೆ ಮಾತ್ರ ಗೊತ್ತು. "ಇದಲ್ಲ" ಅಂತ ಬಿಟ್ಟುಬಿಟ್ಟ. ಕೊನೆಗೆ ಬೀಗ ಒಡೆಸಬೇಕಾಯಿತು.

ಅದಕ್ಕೇ ಪತ್ರವನ್ನು ನಿಮ್ಮ ಮನೆಯೊಳಗೆ ಒಮ್ಮೆಯೂ ಓಡಾಡದವರು ರಾತ್ರಿ ಓದುತ್ತಾರೆ ಅಂದುಕೊಂಡು ಬರೆಯಿರಿ. ಮುಂದಿನ ಸಲ ಹೋಗುವಾಗ ನಾನು ಬರೆದದ್ದರ ಒಂದು ಭಾಗ ಇದು:

"ಅಕ್ಕ, ಭಾವನವರಿಗೆ ನಮಸ್ಕಾರ. ಒಟ್ಟು ಐದು ಕೀ ಕೊಟ್ಟಿದ್ದೇವೆ. ಕೆಂಪು ದಾರದ್ದು ಮುಂಬಾಗಿಲಿನದು, ಎರಡು ಸುತ್ತು ತಿರುಗಿಸಬೇಕು. ಹಳದಿ ದಾರದ್ದು ಗ್ರಿಲ್ಲಿನ ಬೀಗಕ್ಕೆ. ಹಸಿರು ದಾರದ್ದು ತಾರಸಿ ಬಾಗಿಲಿಗೆ. ಬಾಗಿಲನ್ನು ನಿಮ್ಮ ಕಡೆ ಎಳೆದು ಹಿಡಿದು ತಿರುಗಿಸಿ. ಟ್ಯಾಂಕಿನ ಕೆಳಗಿರುವ ನೀಲಿ ಹಿಡಿಯನ್ನು ಅಡ್ಡ ಮಾಡಿದರೆ ನೀರು ನಿಲ್ಲುತ್ತದೆ. ಬಿಳಿ ದಾರದ್ದು ಸಂಪಿನ ಮುಚ್ಚಳದ ಬೀಗಕ್ಕೆ. ದಾರವಿಲ್ಲದ್ದು ಸ್ಕೂಟರಿನದು. ಕರೆಂಟಿನ ಮೇನ್ ಸ್ವಿಚ್ ಮುಂಬಾಗಿಲಿನ ಎಡಕ್ಕಿದೆ, ಆರಿಸಿದ್ದೇವೆ. ಗ್ಯಾಸ್ ರೆಗ್ಯುಲೇಟರ್ ತೆಗೆದು ಸಿಲಿಂಡರಿಗೆ ಮುಚ್ಚಳ ಹಾಕಿದ್ದೇವೆ. ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಟ್ಟಿದ್ದೇವೆ, ಮುಚ್ಚಬೇಡಿ, ವಾಸನೆ ಹಿಡಿಯುತ್ತದೆ."

ದಾರದ ಬಣ್ಣ ಸುಮ್ನೆ ಕಟ್ಟಿದ್ದಲ್ಲ. ಕೀ ಮೇಲೆ ಮನೆ ನಂಬರ್, ಹೆಸರು ಬರೆದರೆ ಅದು ಎಲ್ಲಾದರೂ ಬಿದ್ದಾಗ ಸಿಕ್ಕವರಿಗೆ ಮನೆ ತೋರಿಸಿಕೊಟ್ಟಂತೆ. ಬಣ್ಣದ ಅರ್ಥ ಪತ್ರದಲ್ಲಿ ಮಾತ್ರ ಇರಲಿ. ಪತ್ರ ಮತ್ತು ಗೊಂಚಲು ಒಂದೇ ಡ್ರಾಯರಿನಲ್ಲಿ ಇಡಬೇಡಿ ಅಂತಲೂ ಹೇಳಿ.

ಸಾಮಾನಿನ ವಿಷಯಕ್ಕೆ ಬಂದರೆ, ಬರೀ ಹೆಸರು ಸಾಲದು. ಈಗ ಹೇಗಿದೆ, ಅವರು ಬಳಸಬಹುದೋ ಇಲ್ಲವೋ, ಎರಡನ್ನೂ ಬರೆಯಿರಿ. "ಅಲ್ಯೂಮಿನಿಯಂ ಏಣಿ, ಕೆಳಗಿನ ಒಂದು ಮೆಟ್ಟಿಲು ಸೊಟ್ಟಗಿದೆ, ಬೇಕಾದಾಗ ಬಳಸಿ. ಹಿತ್ತಾಳೆ ಹಂಡೆ, ಬಾಯಿಯ ಹತ್ತಿರ ತಗ್ಗಿದೆ, ಸುಮ್ಮನೆ ಇಟ್ಟಿರಿ. ಸ್ಕೂಟರ್, ಹದಿನೈದು ದಿನಕ್ಕೊಮ್ಮೆ ಕಾಂಪೌಂಡಿನೊಳಗೆ ಹತ್ತು ನಿಮಿಷ ಚಾಲೂ ಮಾಡಿದರೆ ಸಾಕು." ಸ್ಕೂಟರನ್ನು ರಸ್ತೆಗೆ ತೆಗೆಯಬೇಡಿ ಅಂತ ನಾನು ಸ್ಪಷ್ಟವಾಗಿ ಬರೆದಿದ್ದೆ. ನಾವಿಲ್ಲದಾಗಲೇ ಅದರ ಇನ್ಶೂರೆನ್ಸ್ ಮುಗಿಯುತ್ತಿತ್ತು. ಮುಗಿದ ಮೇಲೆ ಅಪಘಾತವಾದರೆ ಸಿಕ್ಕಿಹಾಕಿಕೊಳ್ಳುವುದು ಓಡಿಸಿದ ಅವರ ಮಗ, ಜೊತೆಗೆ ನಾವು.

ಬೇಜಾರಿನ ಮಾತು ಕೇಳಿದ್ದೀರಿ. ನಿಜ ಹೇಳಬೇಕೆಂದರೆ ಈ ಪತ್ರ ನಮಗಿಂತ ಅವರನ್ನೇ ಜಾಸ್ತಿ ಕಾಪಾಡುತ್ತದೆ. ಹಂಡೆಯ ತಗ್ಗು ಮೊದಲೇ ಇತ್ತು ಅಂತ ಬರೆದಿದ್ದರೆ ನಾಳೆ ಅವರ ಮೇಲೆ ಮಾತು ಬರುವುದಿಲ್ಲ. ಕಾನೂನೂ ಹಾಗೇ ಇದೆ. 1872ರ ಭಾರತೀಯ ಕರಾರು ಕಾಯ್ದೆಯ 151 ಮತ್ತು 152ನೇ ಕಲಮಿನ ಪ್ರಕಾರ, ಒಪ್ಪಿಸಿಕೊಂಡವರು ತಮ್ಮ ಸ್ವಂತ ವಸ್ತುವನ್ನು ಸಾಮಾನ್ಯ ಎಚ್ಚರದಿಂದ ನೋಡಿಕೊಳ್ಳುವ ಹಾಗೆ ನೋಡಿಕೊಂಡರೆ ಸಾಕು. ಬೇರೆ ಮಾತಾಗಿರದಿದ್ದರೆ, ಅಷ್ಟು ಮಾಡಿದ ಮೇಲೂ ಹಾಳಾದರೆ ಹೊಣೆ ಅವರದಲ್ಲ. ಹಣ ತೆಗೆದುಕೊಳ್ಳದೆ ನೋಡಿಕೊಳ್ಳುವವರು ಅದಕ್ಕಾಗಿ ಮಾಡಿದ ಅಗತ್ಯ ಖರ್ಚನ್ನು ನಾವು ಕೊಡಲೇಬೇಕು ಅಂತ 158ನೇ ಕಲಮು ಹೇಳುತ್ತದೆ. ಆದ್ದರಿಂದ ಪ್ಲಂಬರಿಗೆ, ಎಲೆಕ್ಟ್ರಿಷಿಯನ್ನಿಗೆ ಕೊಡಲು ಎರಡು ಸಾವಿರ ರೂಪಾಯಿ ಲಕೋಟೆಯಲ್ಲಿಟ್ಟು, ಅದನ್ನೂ ಪತ್ರದಲ್ಲಿ ಬರೆದಿದ್ದೆ. ಕೈಯಿಂದ ಹಾಕಿ ಆಮೇಲೆ ಕೇಳುವುದು ಅಕ್ಕನಿಗೆ ಸಂಕೋಚ.

ಒಡವೆ, ಮನೆ ಪತ್ರ, ಬೀರುವಿನ ಕೀ ಮಾತ್ರ ಯಾರಿಗೂ ಒಪ್ಪಿಸಬೇಡಿ. ಒಡವೆ, ಪತ್ರ ಎರಡೂ ಬ್ಯಾಂಕ್ ಲಾಕರಿಗೆ ಹೋಗಲಿ. ಅಷ್ಟು ದೊಡ್ಡ ಭಾರವನ್ನು ಬೇರೆಯವರ ತಲೆ ಮೇಲೆ ಇಡುವುದು ತಪ್ಪು.

ಪತ್ರ ಎರಡು ಪ್ರತಿ ಇರಲಿ. ಎರಡರಲ್ಲೂ ತಾರೀಕು, ಇಬ್ಬರ ಸಹಿ ಇರಲಿ, ಒಂದು ಫೋಟೊ ನಿಮ್ಮ ಫೋನಿನಲ್ಲಿರಲಿ. ಹೊರಡುವ ಹಿಂದಿನ ದಿನದ ಗಡಿಬಿಡಿಯಲ್ಲಿ ಕೊಡಬೇಡಿ. ಒಂದು ವಾರ ಮೊದಲೇ ಪಕ್ಕದ ಮನೆಯವರನ್ನು ಕಾಫಿಗೆ ಕರೆದು, ಪತ್ರ ಓದುತ್ತಾ ಪ್ರತಿಯೊಂದು ಬೀಗವನ್ನೂ ಅವರ ಕೈಯಲ್ಲೇ ತೆಗೆಸಿ, ಹಾಕಿಸಿ ನೋಡಿ. ನಮ್ಮ ಗ್ರಿಲ್ಲಿನ ಬೀಗ ತುಕ್ಕು ಹಿಡಿದು ಬಿಗಿಯಾಗಿತ್ತು ಅಂತ ಗೊತ್ತಾದದ್ದು ನಾವು ಅಕ್ಕನನ್ನು ಕರೆದು ಹೀಗೆ ಮಾಡಿಸಿದ ದಿನವೇ. ಮಾರನೇ ದಿನ ಹೊಸದು ತಂದು ಹಾಕಿ, ಪತ್ರದಲ್ಲಿ ಆ ಒಂದು ಸಾಲು ತಿದ್ದಿದೆ.