ಟೆಸ್ಟ್ ಸೀರೀಸ್‌ಗಿಂತ ಮೊದಲು ಭಾನುವಾರ ಸರಿಮಾಡ್ಕೊಳ್ಳಿ

"ಧಾರವಾಡದಾಗ ರೂಮ್ ಮಾಡಿ ಕೆಎಎಸ್ ಪ್ರಿಲಿಮ್ಸ್‌ಗೆ ಓದ್ತಿದೀನಿ. ವಾರಕ್ಕೆ ಮೂರು ಹಳೆ ಪೇಪರ್ ಬರೆದ್ರೂ ಅಂಕ ಏರ್ತಿಲ್ಲ. ದುಡ್ಡು ಕೊಟ್ಟು ಆನ್‌ಲೈನ್ ಟೆಸ್ಟ್ ಸೀರೀಸ್ ತಗೊಳ್ಲಾ?"

ಬಹುಶಃ ತಪ್ಪಾದ ಪ್ರಶ್ನೆಗಳನ್ನ ತಿರುಗಿ ನೋಡ್ತಿಲ್ಲ. ಮೂರು ಬರೆದ್ರೆ ನೋಡೋಕೆ ಹೊತ್ತಾದ್ರೂ ಎಲ್ಲಿ? ಒಂದಕ್ಕೆ ಇಳಿಸಿ.

ಕೆಪಿಎಸ್‌ಸಿ ಜಾಲತಾಣದಿಂದ ಪೇಪರ್, ಕೀ ಉತ್ತರ ಎರಡೂ ಇಳಿಸ್ಕೊಂಡು ಪ್ರಿಂಟ್ ಹಾಕಿಸಿ. ಭಾನುವಾರ ಬೆಳಿಗ್ಗೆ 10ರಿಂದ 12, ಓಎಂಆರ್ ಹಾಳೆ ಮೇಲೆ ಪೆನ್ನಿನಲ್ಲೇ ತುಂಬಿ. ಊಹಿಸಿದ ಪ್ರಶ್ನೆಯ ಪಕ್ಕ ಚುಕ್ಕೆ ಇಡಿ; ಊಹೆ ಸರಿಯಾಗಿದ್ರೂ ಅದು ನಿಮಗೆ ಗೊತ್ತಿದ್ದ ಉತ್ತರ ಅಲ್ಲ.

ಸೋಮವಾರ, ಮಂಗಳವಾರ ತಪ್ಪುಗಳನ್ನ ವಿಂಗಡಿಸಿ: ಗೊತ್ತಿರಲಿಲ್ಲ, ತಪ್ಪಾಗಿ ಓದಿದೆ, ಊಹೆ ಕೈಕೊಟ್ಟಿತು. ಉದಾಹರಣೆಗೆ 54 ಸರಿ, 36 ತಪ್ಪು ಅಂದ್ರೆ, ಸರಿಗೆ ಎರಡರಂತೆ ಬಂದ 108ರಲ್ಲಿ ತಪ್ಪಿಗೆ ಅರ್ಧದಂತೆ 18 ಕಡಿತವಾಗಿ 90 ಅಂಕ. ಆ 36ರಲ್ಲಿ 25 'ಗೊತ್ತಿರಲಿಲ್ಲ' ಆಗಿದ್ರೆ ಸೀರೀಸ್ ಈಗ ಬೇಡ. ಬುಧವಾರದಿಂದ ಶನಿವಾರದವರೆಗೆ ಆ ಅಧ್ಯಾಯಗಳನ್ನೇ ಓದಿ.

ಹಳೆ ಪೇಪರ್ ಕೈಕೊಡೋದು ಪ್ರಚಲಿತ ಘಟನೆಗಳಲ್ಲಿ. ಅದಕ್ಕೆ ಕೊನೆಯ ಎಂಟು ವಾರಕ್ಕೆ ಸೀರೀಸ್ ತಗೊಂಡು, ಒಂದು ಭಾನುವಾರ ಅದು, ಮತ್ತೊಂದು ಭಾನುವಾರ ಹಳೆ ಪೇಪರ್ ಇಟ್ಕೊಳ್ಳಿ. ಕೊಳ್ಳೋ ಮುಂಚೆ ಉಚಿತ ಮಾದರಿ ಟೆಸ್ಟ್ ಒಂದು ಬರೀರಿ. ಕನ್ನಡ ಅನುವಾದ ಇಂಗ್ಲಿಷ್ ನೋಡದೆ ಅರ್ಥ ಆಗಲಿಲ್ಲ, ಇಲ್ಲಾ ಉತ್ತರದ ಕೆಳಗೆ ವಿವರಣೆ ಇಲ್ಲ ಅಂದ್ರೆ ಬಿಟ್ಟುಬಿಡಿ.