ಬಿರುಕು ಮೊದಲೋ, ಮಾಡು ಮೊದಲೋ?

ಪ್ರಶ್ನೆ: ನಮ್ಮೂರ ಶಾಲೆಗೆ ಅರವತ್ತು ವರ್ಷ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು. ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಮಾಡು ಸೋರುತ್ತದೆ, ಗಾರೆ ಉದುರಿದೆ. ಆಮೇಲೆ ಕಟ್ಟಿದ ಆರ್‌ಸಿಸಿ ಕೊಠಡಿಯ ತಾರಸಿಯಲ್ಲಿ ಕಂಬಿ ಕಾಣುತ್ತಿದೆ. ಇರುವ ದುಡ್ಡು ಎಲ್ಲಕ್ಕೂ ಸಾಲದು. ಯಾವುದನ್ನು ಮೊದಲು ಮಾಡಿಸಲಿ?
– ಎಸ್‌ಡಿಎಂಸಿ ಅಧ್ಯಕ್ಷ, ಉಡುಪಿ ಜಿಲ್ಲೆ

ಉತ್ತರ: ಆರ್‌ಸಿಸಿ ಕೊಠಡಿಗೆ ಇವತ್ತೇ ಬೀಗ ಹಾಕಿ, ಅದಕ್ಕೆ ದುಡ್ಡು ಬೇಡ. ತುಕ್ಕು ಹಿಡಿದ ಕಂಬಿ ಉಬ್ಬಿ ಕೆಳಗಿನ ಕಾಂಕ್ರೀಟನ್ನು ತಳ್ಳುತ್ತದೆ, ಅದು ಯಾವಾಗ ಕಳಚಿ ಬೀಳುತ್ತದೆಂದು ಹೇಳಲಾಗದು. ಕಂಬಿ ಕಾಣುವ ಜಾಗದಲ್ಲಿ ಮಾತ್ರವಲ್ಲ, ಸುತ್ತಲೂ ಪೊಳ್ಳಾಗಿರುತ್ತದೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ, ಆದರೆ ಆ ಕೆಲಸ ಎಂಜಿನಿಯರ್‌ಗೆ ಬಿಡಿ. ಅದರ ಮೇಲೆ ಸಿಮೆಂಟ್ ಬಳಿಸಿ ಮುಚ್ಚಿಸಬೇಡಿ.

ಉಳಿದದ್ದಕ್ಕೆ ದರ್ಜೆ ಕೊಡುವಾಗ ಪ್ರತಿ ದೋಷಕ್ಕೂ ಎರಡೇ ಪ್ರಶ್ನೆ ಕೇಳಿಕೊಳ್ಳಿ: ಇದು ಬಿದ್ದರೆ ಕೆಳಗೆ ಯಾರಿರುತ್ತಾರೆ? ಇದು ಬೆಳೆಯುತ್ತಿದೆಯೇ? ಎರಡಕ್ಕೂ ಉತ್ತರ ಕೆಟ್ಟದಿದ್ದರೆ ಒಂದನೇ ದರ್ಜೆ. ಬೆಳೆಯುತ್ತಿದೆ, ಆದರೆ ತಕ್ಷಣದ ಅಪಾಯವಿಲ್ಲ ಎಂದರೆ ಎರಡನೆಯದು, ಮಳೆಗಾಲಕ್ಕೆ ಮೊದಲು ಮುಗಿಯಬೇಕು. ಕಣ್ಣಿಗೆ ಅಸಹ್ಯ ಅಷ್ಟೇ ಎಂದರೆ ಮೂರು. ಗಾರೆ, ಸುಣ್ಣ ಹೆಚ್ಚಾಗಿ ಇಲ್ಲೇ ಬರುತ್ತವೆ. ಶಾಲೆಗಳಲ್ಲಿ ದುಡ್ಡು ಮೊದಲು ಹೋಗುವುದೂ ಇದಕ್ಕೇ!

ಇನ್ನು ನಿಮ್ಮ ಬಿರುಕು. ಇಂಥದೇ ಒಂದು ಶಾಲೆಯಲ್ಲಿ ಮೂಲೆಯ ಬಿರುಕಿಗೆ ಮೂರು ಸಲ ಸಿಮೆಂಟ್ ತುಂಬಿಸಿದ್ದರು, ಮೂರು ಸಲವೂ ಅದೇ ಜಾಗದಲ್ಲಿ ಬಾಯಿ ಬಿಟ್ಟಿತ್ತು. ಕೆಳಗೆ ಕೂದಲೆಳೆಯಷ್ಟು, ಮೇಲೆ ಬೆರಳು ತೂರುವಷ್ಟು. ತಳಪಾಯ ಕುಸಿದಿದ್ದರೂ ಹೀಗಾಗಬಹುದು, ಆದರೆ ತೂಗುಗುಂಡು ಬಿಟ್ಟು ನೋಡಿದಾಗ ಗೋಡೆಯ ಮೇಲ್ಭಾಗ ಮಾತ್ರ ಹೊರಕ್ಕೆ ವಾಲಿತ್ತು. ಏಣಿ ಹತ್ತಿ ಅಡ್ಡತೊಲೆಯ ತುದಿಗೆ ಸ್ಕ್ರೂಡ್ರೈವರ್ ಒತ್ತಿದೆ, ಅರ್ಧ ಬೆರಳು ಸಲೀಸಾಗಿ ಒಳಗೆ ಹೋಯಿತು. ಮೇಲೆ ನಾಲ್ಕು ಹೆಂಚು ಒಡೆದು, ನೀರು ವರ್ಷಗಟ್ಟಲೆ ಅಲ್ಲಿಗೇ ಇಳಿದು ತುದಿ ಕೊಳೆತಿತ್ತು. ಎರಡೂ ಕಡೆಯ ಪಕಾಸಿಗಳು ಅಗಲವಾಗದಂತೆ ಹಿಡಿದಿಡುವುದು ಆ ತೊಲೆ. ಅದು ಸೋತ ಮೇಲೆ ಮಾಡಿನ ಭಾರವೇ ಗೋಡೆಯನ್ನು ಹೊರಕ್ಕೆ ನೂಕುತ್ತಿತ್ತು. ಸೋರಿಕೆ, ಕೊಳೆತ ತೊಲೆ, ಬಿರುಕು ಎಂದು ಪಟ್ಟಿಯಲ್ಲಿ ಮೂರು ಸಾಲಿದ್ದವು, ದೋಷ ಮಾತ್ರ ಒಂದೇ.

ಆದ್ದರಿಂದ ಅಲ್ಲಿ ಮೊದಲು ಮಾಡಿಗೆ ಊರೆಗೋಲು ಕೊಟ್ಟು ತರಗತಿಯನ್ನು ಜಗಲಿಗೆ ಸಾಗಿಸಿದೆವು. ಆಮೇಲೆ ತೊಲೆ ಬದಲಾವಣೆ, ಹೆಂಚು, ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ಚರಂಡಿ. ಬಿರುಕಿಗೆ ಕೈ ಹಾಕಿದ್ದು ಕೊನೆಗೆ.

ನಿಮ್ಮ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಕು ಬರೆಯಿರಿ. ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡು ಕಡೆ ಸಿಮೆಂಟಿನಿಂದ ಅಂಟಿಸಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಆದರೆ ಗೋಡೆ ವಾಲಿದ್ದು ಕಂಡರೆ ಗಾಜು ಒಡೆಯಲೆಂದು ಕಾಯಬೇಡಿ, ಮಕ್ಕಳನ್ನು ಆಚೆ ಕೂರಿಸಿ, ಜಿಲ್ಲಾ ಪಂಚಾಯತಿಯ ಎಂಜಿನಿಯರನ್ನು ಕರೆಸಿ. ಅವರು ಬಂದಾಗ ಏಣಿ ತಯಾರಿರಲಿ, ಕೆಳಗೆ ನಿಂತು ನೋಡಿದರೆ ತೊಲೆಯ ತುದಿ ಕಾಣುವುದಿಲ್ಲ.