ಸ್ಕ್ಯಾನಿಂಗ್ ಮಷೀನ್ ಲೆಕ್ಕ

"60 ಬೆಡ್ ಆಸ್ಪತ್ರೆಗೆ 25 ಲಕ್ಷದ ಅಲ್ಟ್ರಾಸೌಂಡ್ ತಗೊಂಡ್ರೆ ವರ್ಕೌಟ್ ಆಗುತ್ತಾ ಸರ್?"

ಬೆಡ್ ಲೆಕ್ಕ ಬಿಡಿ ಸರ್, ಈಗ ಹೊರಗಡೆ ಸ್ಕ್ಯಾನಿಂಗ್‌ಗೆ ಬರ್ದು ಕಳಿಸ್ತಿರೋ ಚೀಟಿಗಳನ್ನ ಮೂರು ತಿಂಗಳು ಎಣಿಸಿ. ಪೂರ್ತಿ ಸಾಲ ಅಂದ್ಕೊಂಡ್ರೆ 5 ವರ್ಷಕ್ಕೆ ಇಎಂಐ ಸುಮಾರು 54,000, ವಾರಂಟಿ ಮುಗಿದ್ಮೇಲೆ ಸರ್ವಿಸ್ ಕಾಂಟ್ರಾಕ್ಟ್ ತಿಂಗಳಿಗೆ 12,500, ಅಟೆಂಡರ್ ಸಂಬಳ, ಕರೆಂಟು ಎರಡೂ ಸೇರಿ 25,000, ಮೈಮೇಲೆ ಇಟ್ಟು ನೋಡೋ ಪ್ರೋಬ್‌ಗೆ ಅಂತ 5,000 ಎತ್ತಿಡಿ, ಯಾಕಂದ್ರೆ ಕೆಳಗೆ ಬಿದ್ದು ಒಡೆದ ಪ್ರೋಬನ್ನ ಕಾಂಟ್ರಾಕ್ಟಲ್ಲಿ ಸಾಮಾನ್ಯವಾಗಿ ಸೇರಿಸಲ್ಲ, ಹೊಸದಕ್ಕೆ ಲಕ್ಷದ ಮೇಲೇ ಆಗುತ್ತೆ. ಒಟ್ಟು 96,500. ಸ್ಕ್ಯಾನಿಗೆ 900 ತಗೊಂಡು ರೇಡಿಯಾಲಜಿಸ್ಟ್‌ಗೆ 40% ಕೊಟ್ಟು, ಜೆಲ್ಲು ಪೇಪರ್ ಕಳೆದ್ರೆ ಉಳಿಯೋದು 500, ಅಂದ್ರೆ ತಿಂಗಳಿಗೆ 193 ಸ್ಕ್ಯಾನ್, ದಿನಕ್ಕೆ 8 ಆದ್ರೆ ಸಾಕು. ಆದ್ರೆ ಸ್ಕ್ಯಾನ್ ಮಾಡೋ ಡಾಕ್ಟ್ರು ವಾರಕ್ಕೆ ಮೂರೇ ದಿನ ಬಂದ್ರೆ ಆ ದಿನಗಳಲ್ಲಿ 15-16 ಆಗ್ಬೇಕು, ಮಿಕ್ಕ ದಿನ ಪೇಷೆಂಟ್ ಮತ್ತೆ ಹೊರಗೇ ಹೋಗ್ತಾರೆ, ಅದಕ್ಕೇ ಮೊದ್ಲು ಡಾಕ್ಟ್ರ ಟೈಮ್ ಬರವಣಿಗೇಲಿ ಗಟ್ಟಿ ಮಾಡ್ಕೊಳ್ಳಿ. ಭ್ರೂಣದ ಲಿಂಗ ಪತ್ತೆ ತಡೆಯೋ ಪಿಸಿಪಿಎನ್‌ಡಿಟಿ ಕಾಯ್ದೆಯ ನೋಂದಣಿ ಇಲ್ದೆ ಕಂಪನಿಯವ್ರು ಮಷೀನ್ ಮಾರೋ ಹಾಗಿಲ್ಲ, ಆ ಅರ್ಜಿ ಈಗ್ಲೇ ಹಾಕಿ.